ಮ್ಯೂಚುವಲ್ ಫಂಡ್ ಸ್ಟೇಟ್‌ಮೆಂಟ್‌ನಲ್ಲಿ ಲಾಭ ಎಲ್ಲಿ ಬರೆದಿರುತ್ತದೆ?

> ದಾವಣಗೆರೆಯವನು, ಫಂಡ್‌ಗೆ ಹೊಸಬ. ಎಲ್ಲ ಫಂಡ್‌ಗಳೂ ಸೇರಿದ ಒಂದೇ ಸ್ಟೇಟ್‌ಮೆಂಟ್ ಮೇಲ್‌ಗೆ ಬಂದಿದೆ. ಮೇಲೆ ಕಾಸ್ಟ್ ವ್ಯಾಲ್ಯೂ, ಮಾರ್ಕೆಟ್ ವ್ಯಾಲ್ಯೂ ಅಂತ ಎರಡು ಅಂಕಿ ಇವೆ. ಒಂದರಿಂದ ಇನ್ನೊಂದು ಕಳೆದರೆ ಲಾಭ ಸಿಗುತ್ತದೆ ಅಲ್ವಾ? ರಿಟರ್ನ್‌ನಲ್ಲಿ ಅದನ್ನೇ ತೋರಿಸಬೇಕಾ? ಎಷ್ಟು ಯೂನಿಟ್ ಮಾರಿದ್ದೇನೆ, ಡಿವಿಡೆಂಡ್ ಎಷ್ಟು ಬಂದಿದೆ ಅಂತ ಹೇಗೆ ನೋಡುವುದು?

ಇಲ್ಲ, ಅದನ್ನು ತೋರಿಸಬೇಡಿ. ಆ ಎರಡೂ ಅಂಕಿ ನಿಮ್ಮ ಹತ್ತಿರ ಇನ್ನೂ ಉಳಿದಿರುವ ಯೂನಿಟ್‌ಗಳದ್ದು. ಮಾರಿದ್ದರ ಲಾಭ ಅಲ್ಲಿ ಇರುವುದೇ ಇಲ್ಲ. ನಾನೂ ಮೊದಲ ವರ್ಷ ಆ ಎರಡು ಅಂಕಿ ಕಳೆದು, ಉತ್ತರ ಸಿಕ್ಕಿತು ಅಂತ ಖುಷಿಯಾಗಿ ಕೂತಿದ್ದೆ.

ನಾನು ಇಲ್ಲೇ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಗೋದಾಮಿನಲ್ಲಿ ಉಳಿದ ಚೀಲಕ್ಕೆ ಇವತ್ತಿನ ರೇಟ್ ಕಟ್ಟಿ, ಇಷ್ಟು ಲಾಭ ಬಂತು ಅಂತ ಯಾವ ವ್ಯಾಪಾರಿಯೂ ಹೇಳುವುದಿಲ್ಲ. ಹೊರಗೆ ಹೋದ ಚೀಲ ಯಾವ ಲಾಟಿನದ್ದು, ಅದನ್ನು ಎಷ್ಟಕ್ಕೆ ಕೊಂಡಿದ್ದೆವು, ಎಷ್ಟಕ್ಕೆ ಕೊಟ್ಟೆವು ಅಂತ ನೋಡುತ್ತಾನೆ. ಸ್ಟೇಟ್‌ಮೆಂಟ್ ಓದುವುದೂ ಹಾಗೇ.

ಮೊದಲು ನಿಮ್ಮ ಕೈಯಲ್ಲಿರುವುದು ಯಾವ ಸ್ಟೇಟ್‌ಮೆಂಟ್ ನೋಡಿ. ಡಿಮ್ಯಾಟ್ ಖಾತೆಗಳ ಲೆಕ್ಕ ಇಡುವ NSDL ಅಥವಾ CDSL ಕಡೆಯಿಂದ ಪ್ರತಿ ತಿಂಗಳು ಬರುವುದಾದರೆ ಅದರಲ್ಲಿ ಆ ತಿಂಗಳ ವ್ಯವಹಾರ ಮಾತ್ರ ಇರುತ್ತದೆ. ಈ ಕೆಲಸಕ್ಕೆ ಅದು ಸಾಲದು. ಫಂಡ್ ಕಂಪನಿಗಳ ಪರವಾಗಿ ಲೆಕ್ಕ ಇಡುವ CAMS ಅಥವಾ KFintech ವೆಬ್‌ಸೈಟ್‌ನಲ್ಲಿ ಕೇಳಿ ತರಿಸಿಕೊಳ್ಳಿ. ಕೇಳುವಾಗ Summary ಬೇಡ, Detailed ಆರಿಸಿ. ಫೋಲಿಯೊ ಅಂದರೆ ಫಂಡ್ ಕಂಪನಿಯಲ್ಲಿರುವ ನಿಮ್ಮ ಖಾತೆ. ಪೂರ್ತಿ ಮಾರಿ ಖಾಲಿಯಾದ ಫೋಲಿಯೊ ಇದ್ದರೆ zero balance ಫೋಲಿಯೊಗಳೂ ಬೇಕು ಎನ್ನುವ ಆಯ್ಕೆ ಒತ್ತಿ. ಇಲ್ಲದಿದ್ದರೆ ಆ ಫೋಲಿಯೊದ ಮಾರಾಟ ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಇನ್ನೊಂದು ವಿಷಯ, ಅದು ಬರುವುದು ನೀವು ಕೊಟ್ಟ ಮೇಲ್ ಐಡಿ ಯಾವ ಫೋಲಿಯೊಗಳಲ್ಲಿ ಇದೆಯೋ ಅಷ್ಟಕ್ಕೆ ಮಾತ್ರ. ಹಿಂದೆ ಯಾವುದೋ ಏಜೆಂಟ್ ತನ್ನ ಮೇಲ್ ಹಾಕಿ ಮಾಡಿಸಿದ ಫೋಲಿಯೊ ಇದ್ದರೆ ಅದು ಬರುವುದಿಲ್ಲ.

ತಾರೀಖಿನ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಟ್ಯಾಕ್ಸ್ ಕಟ್ಟುವುದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕಕ್ಕೆ. ಹಾಗಂತ ಸ್ಟೇಟ್‌ಮೆಂಟನ್ನೂ ಅಷ್ಟಕ್ಕೇ ತರಿಸುತ್ತೇವೆ. ಆಗ ಹಿಂದಿನ ವರ್ಷಗಳ ಖರೀದಿಯೆಲ್ಲ ಮಾಯವಾಗಿ `Opening Unit Balance` ಅನ್ನುವ ಒಂದೇ ಸಾಲು ಉಳಿಯುತ್ತದೆ. ಯಾವ ರೇಟಿಗೆ ಕೊಂಡಿರಿ ಅನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ನೀವು ಮೊದಲ ರೂಪಾಯಿ ಹಾಕಿದ ದಿನದಿಂದಲೇ ತರಿಸಿ. ಓಪನಿಂಗ್ ಬ್ಯಾಲೆನ್ಸ್ 0.000 ಅಂತ ಇದ್ದರೆ ಸರಿಯಾದ ಕಡೆಯಿಂದ ಶುರುವಾಗಿದೆ ಅಂತ ಅರ್ಥ.

ಈಗ ಒಂದು ಲೆಕ್ಕ ನೋಡೋಣ. ನನ್ನ ಹೆಂಡತಿಯ ಹೆಸರಲ್ಲಿರುವ ಒಂದು ಈಕ್ವಿಟಿ ಫಂಡ್‌ನದ್ದು. ಸುಲಭವಾಗಲಿ ಅಂತ ಬೆಲೆಗಳನ್ನು ದುಂಡಗೆ ಮಾಡಿದ್ದೇನೆ. ಪ್ರತಿ ಸಾಲಿನಲ್ಲಿ ಎಡದಿಂದ ತಾರೀಖು, ವ್ಯವಹಾರ, ಮೊತ್ತ, ಯೂನಿಟ್, ಬೆಲೆ, ಉಳಿದ ಯೂನಿಟ್.

```
Opening Unit Balance: 0.000
10-Jun-2024 Purchase    19,999.00   499.975  40.00    499.975
10-Jun-2024 *** Stamp Duty ***  1.00
10-Sep-2024 Purchase    19,999.00   399.980  50.00    899.955
10-Sep-2024 *** Stamp Duty ***  1.00
10-Dec-2024 Purchase    19,999.00   416.646  48.00  1,316.601
10-Dec-2024 *** Stamp Duty ***  1.00
12-Aug-2025 Redemption (36,400.00) (700.000) 52.00    616.601
12-Aug-2025 *** STT Paid ***  0.36
Closing Unit Balance: 616.601
```

20,000 ಹಾಕಿದರೆ 19,999 ಯಾಕೆ ತೋರಿಸುತ್ತದೆ ಅಂತ ನೀವು ಕೇಳಬಹುದು. 2020ರ ಜುಲೈನಿಂದ ಖರೀದಿಗೆ 0.005 ಪರ್ಸೆಂಟ್ ಸ್ಟ್ಯಾಂಪ್ ಡ್ಯೂಟಿ ಇದೆ. ಆ ಒಂದು ರೂಪಾಯಿ ಅದರದ್ದು.

ಮಾರಿದ ಯೂನಿಟ್ ಕಂಡುಹಿಡಿಯುವುದು ಸುಲಭ. ಬ್ರಾಕೆಟ್‌ನಲ್ಲಿರುವ ಅಂಕಿ ನೋಡಿ. ಬ್ರಾಕೆಟ್ ಅಂದರೆ ಮೈನಸ್. ಇಲ್ಲಿ 700 ಯೂನಿಟ್ ಹೊರಗೆ ಹೋಗಿದೆ. ಆದರೆ ಬ್ರಾಕೆಟ್ ಕಂಡದ್ದೆಲ್ಲ ಮಾರಾಟವಲ್ಲ. ಬ್ಯಾಂಕಿನಲ್ಲಿ ದುಡ್ಡಿಲ್ಲದೆ ಎಸ್‌ಐಪಿ ಬೌನ್ಸ್ ಆಗಿದ್ದರೆ ಮೊದಲು ಖರೀದಿಯ ಸಾಲು ಬರುತ್ತದೆ. ಆಮೇಲೆ ಅಷ್ಟೇ ಯೂನಿಟ್, ಅದೇ ಬೆಲೆಗೆ, ಬ್ರಾಕೆಟ್‌ನಲ್ಲಿ ವಾಪಸ್ ಹೋಗಿರುತ್ತದೆ. ಅದರಲ್ಲಿ Rejection ಅಥವಾ Reversal ಅಂತ ಪದ ಇರುತ್ತದೆ. ಎರಡೂ ಸಾಲನ್ನು ಹೊಡೆದುಹಾಕಿ. ಇದಕ್ಕೆ ಉಲ್ಟಾ ಕೇಸ್ Switch Out. ದುಡ್ಡು ಬ್ಯಾಂಕಿಗೆ ಬರದೆ ಒಂದು ಸ್ಕೀಮ್‌ನಿಂದ ಇನ್ನೊಂದಕ್ಕೆ ಹೋಗಿರುತ್ತದೆ. ಕೈಗೆ ಏನೂ ಬಂದಿಲ್ಲ ಅಂತ ಬಿಟ್ಟುಬಿಡಬೇಡಿ, ಟ್ಯಾಕ್ಸ್ ಲೆಕ್ಕದಲ್ಲಿ ಅದು ಮಾರಾಟವೇ.

ಇನ್ನು ಲಾಭಕ್ಕೆ ಬರೋಣ. 700 ಯೂನಿಟ್ ಹೋದವು, ಆದರೆ ಯಾವ 700? ಮಂಡಿಯಲ್ಲಿ ಯಾವ ಚೀಲ ಬೇಕಾದರೂ ಎತ್ತಿ ಕೊಡಬಹುದು. ಇಲ್ಲಿ ಆ ಸ್ವಾತಂತ್ರ್ಯ ಇಲ್ಲ. ಒಂದು ಫೋಲಿಯೊದ ಒಂದು ಸ್ಕೀಮ್‌ನಲ್ಲಿ ಮೊದಲು ಬಂದ ಯೂನಿಟ್ಟೇ ಮೊದಲು ಹೋಗಬೇಕು. ಆದ್ದರಿಂದ ಜೂನ್ ಲಾಟಿನ 499.975 ಯೂನಿಟ್ ಪೂರ್ತಿ ಹೋದವು. ಇನ್ನೂ 200.025 ಬೇಕು. ಅದನ್ನು ಸೆಪ್ಟೆಂಬರ್ ಲಾಟಿನಿಂದ ತೆಗೆಯಬೇಕು. ಡಿಸೆಂಬರ್ ಲಾಟು ಮುಟ್ಟಲೇ ಇಲ್ಲ.

ಜೂನ್ ಲಾಟು 40ಕ್ಕೆ ಕೊಂಡದ್ದು, 52ಕ್ಕೆ ಹೋಯಿತು. ಯೂನಿಟ್ಟಿಗೆ 12 ರೂಪಾಯಿಯಂತೆ ಲಾಭ 5,999.70. ಕೊಂಡು ಮಾರುವಷ್ಟರಲ್ಲಿ ಹದಿನಾಲ್ಕು ತಿಂಗಳು ಆಗಿತ್ತು. ಈಕ್ವಿಟಿ ಫಂಡ್ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇದ್ದರೆ ಲಾಂಗ್ ಟರ್ಮ್. ಸೆಪ್ಟೆಂಬರ್ ಲಾಟು 50ಕ್ಕೆ ಕೊಂಡದ್ದು, ಯೂನಿಟ್ಟಿಗೆ ಸಿಕ್ಕಿದ್ದು 2 ರೂಪಾಯಿ, ಒಟ್ಟು 400.05. ಅದಕ್ಕೆ ಹನ್ನೊಂದು ತಿಂಗಳಷ್ಟೇ ಆಗಿತ್ತು, ಹಾಗಾಗಿ ಶಾರ್ಟ್ ಟರ್ಮ್. ಒಂದೇ ದಿನ, ಒಂದೇ ರಿಡೆಂಪ್ಷನ್, ಆದರೆ ಲಾಭ ಎರಡು ಜಾತಿಯದ್ದು. ಎಸ್‌ಐಪಿ ಹಾಕುವವರಿಗೆ ಹೀಗೆ ಆಗುತ್ತಲೇ ಇರುತ್ತದೆ, ಯಾಕೆಂದರೆ ಅವರ ಪ್ರತಿ ಕಂತೂ ಬೇರೆ ಲಾಟು. ಎಸ್‌ಐಪಿ ಶುರುವಾಗಿ ವರ್ಷವಾಯಿತು ಅಂದ ಮಾತ್ರಕ್ಕೆ ಎಲ್ಲ ಕಂತಿಗೂ ವರ್ಷ ಆಗಿರುವುದಿಲ್ಲ.

2024ರ ಜುಲೈ 23ರಿಂದ ಇರುವ ದರ ಹೀಗಿದೆ. ಲಾಂಗ್ ಟರ್ಮ್‌ನಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ, ಅದರ ಮೇಲಿನದಕ್ಕೆ 12.5 ಪರ್ಸೆಂಟ್. ಆ 1.25 ಲಕ್ಷ ನಿಮ್ಮ ಎಲ್ಲ ಈಕ್ವಿಟಿ ಫಂಡ್ ಮತ್ತು ಷೇರು ಸೇರಿ, ಒಂದೊಂದು ಫಂಡ್‌ಗೆ ಅಲ್ಲ. ಶಾರ್ಟ್ ಟರ್ಮ್‌ಗೆ 20 ಪರ್ಸೆಂಟ್. ಅಂದರೆ ನಮಗೆ 5,999.70ರ ಮೇಲೆ ಟ್ಯಾಕ್ಸ್ ಇಲ್ಲ, ರಿಟರ್ನ್‌ನಲ್ಲಿ ತೋರಿಸಬೇಕು ಅಷ್ಟೇ. 400ಕ್ಕೆ 80 ರೂಪಾಯಿ, ಸೆಸ್ ಬೇರೆ. ಇನ್ನೊಂದು ತಿಂಗಳು ಕಾದಿದ್ದರೆ ಅದೂ ಲಾಂಗ್ ಟರ್ಮ್ ಆಗುತ್ತಿತ್ತು. ಎಂಬತ್ತು ರೂಪಾಯಿಗೆ ಅಳುವುದೇನೂ ಇಲ್ಲ, ಬೆಣ್ಣೆ ದೋಸೆ ತಿಂದೆ ಅಂದುಕೊಂಡೆ. ಆದರೆ ಶಾರ್ಟ್ ಟರ್ಮ್ ಲಾಭ ಎಷ್ಟೇ ಚಿಕ್ಕದಿದ್ದರೂ ITR-1 ಅನ್ನುವ ಸರಳ ರಿಟರ್ನ್ ಫಾರ್ಮ್ ಹಾಕಲು ಬರುವುದಿಲ್ಲ. ಆ ತಲೆನೋವು ಎಂಬತ್ತು ರೂಪಾಯಿಗಿಂತ ದೊಡ್ಡದು.

ಆ ಮೊದಲ ವರ್ಷ ಕಾಸ್ಟ್, ಮಾರ್ಕೆಟ್ ಬಿಟ್ಟಮೇಲೆ ನಾನು ಮಾಡಿದ ಎರಡನೇ ತಪ್ಪು ಸರಾಸರಿ ಹಾಕಿದ್ದು. ಒಟ್ಟು ಹಾಕಿದ ದುಡ್ಡನ್ನು ಒಟ್ಟು ಯೂನಿಟ್‌ನಿಂದ ಭಾಗಿಸಿದೆ. ಈ ಉದಾಹರಣೆಯಲ್ಲೇ ಹಾಗೆ ಮಾಡಿ ನೋಡಿ. ಸರಾಸರಿ ಬೆಲೆ 45.57 ಬರುತ್ತದೆ, ಲಾಭ ಸುಮಾರು 4,500. ನಿಜವಾದ ಲಾಭ 6,399.75. ಅಷ್ಟೇ ಅಲ್ಲ, ಸರಾಸರಿಯಲ್ಲಿ ಲಾಂಗ್, ಶಾರ್ಟ್ ಬೇರೆ ಮಾಡುವುದಕ್ಕೇ ಆಗದು. ನಿಮ್ಮ ರೀತಿಯಲ್ಲಿ ಮೇಲಿನ ಎರಡು ಅಂಕಿ ಕಳೆದರೆ? ಬೆಲೆ 52 ಇದ್ದ ದಿನ ಉಳಿದ ಯೂನಿಟ್‌ಗಳ ಮಾರ್ಕೆಟ್ ವ್ಯಾಲ್ಯೂ 32,063, ಕಾಸ್ಟ್ 29,997. ವ್ಯತ್ಯಾಸ 2,066. ಅದು ಇನ್ನೂ ಮಾರದ ಯೂನಿಟ್‌ನ ಲಾಭ, ಈ ವರ್ಷ ಅದಕ್ಕೆ ಟ್ಯಾಕ್ಸ್ ಇಲ್ಲ.

ಇನ್ನೆರಡು ಸಣ್ಣ ಮಾತು. STT ಅಂತ, ಅಂದರೆ ಮಾರಾಟದ ಮೇಲಿನ ತೆರಿಗೆಯಾಗಿ ಹೋದ 0.36ನ್ನು ಲಾಭದಿಂದ ಕಳೆಯುವ ಹಾಗಿಲ್ಲ. ಬ್ಯಾಂಕಿಗೆ 36,399.64 ಬಂದದ್ದು ಅದರಿಂದ. ಬ್ಯಾಂಕಿಗೆ ಇದಕ್ಕಿಂತ ತುಂಬಾ ಕಡಿಮೆ ಬಂದಿದ್ದರೆ ಬೇಗ ತೆಗೆದಿದ್ದಕ್ಕೆ ಫಂಡ್ ಹಿಡಿಯುವ ಎಕ್ಸಿಟ್ ಲೋಡ್ ಕತ್ತರಿಸಿರಬಹುದು, ನೋಡಿ. ನಮ್ಮ ಫಂಡ್‌ನದ್ದು 30 ದಿನಕ್ಕೇ ಮುಗಿಯುವಂಥದ್ದು. ಒಂದು ವರ್ಷದೊಳಗೆ ತೆಗೆದರೆ 1 ಪರ್ಸೆಂಟ್ ಹಿಡಿಯುವ ಫಂಡ್‌ಗಳೂ ಬಹಳ ಇವೆ. ಡೆಟ್ ಫಂಡ್ ಇದ್ದರೆ ಈ ದರಗಳನ್ನು ಮರೆತುಬಿಡಿ. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಡೆಟ್ ಫಂಡ್‌ನ ಲಾಭ ಎಷ್ಟು ದಿನ ಇಟ್ಟರೂ ನಿಮ್ಮ ಆದಾಯದ ಸ್ಲ್ಯಾಬ್ ದರಕ್ಕೇ ಸೇರುತ್ತದೆ.

ಡಿವಿಡೆಂಡ್ ಹುಡುಕುವ ಮೊದಲು ಸ್ಕೀಮ್ ಹೆಸರಿನ ಕೊನೆ ಓದಿ. Growth ಅಂತ ಇದ್ದರೆ ಡಿವಿಡೆಂಡ್ ಇಲ್ಲ, ಹುಡುಕಬೇಡಿ. 2021ರ ಏಪ್ರಿಲ್‌ನಿಂದ ಡಿವಿಡೆಂಡ್ ಪ್ಲಾನ್‌ಗೆ IDCW ಅಂತ ಹೆಸರು ಬಂದಿದೆ. ಹಾಗಾಗಿ ಸ್ಟೇಟ್‌ಮೆಂಟ್‌ನಲ್ಲಿ ಡಿವಿಡೆಂಡ್ ಅನ್ನುವ ಪದವೇ ಕಾಣದಿರಬಹುದು. ದುಡ್ಡು ಬ್ಯಾಂಕಿಗೆ ಬರುವ ಪ್ಲಾನ್ ಆದರೆ ಆ ಸಾಲಿನಲ್ಲಿ ಮೊತ್ತ ಇರುತ್ತದೆ, ಯೂನಿಟ್ ಬದಲಾಗುವುದಿಲ್ಲ. ಅದು ಸುಲಭ. ಮೋಸ ಹೋಗುವುದು Reinvestment ಸಾಲಿನಲ್ಲಿ. ಅಲ್ಲಿ ಮೊತ್ತವೂ ಇರುತ್ತದೆ, ಯೂನಿಟ್ಟೂ ಜಾಸ್ತಿ ಆಗಿರುತ್ತದೆ, ನೋಡಲು ಥೇಟ್ ಖರೀದಿಯ ಹಾಗೆ. ಅದಕ್ಕೆ ಎರಡು ಕಡೆ ಲೆಕ್ಕ ಬರೆಯಬೇಕು. ಆ ಮೊತ್ತ ಈ ವರ್ಷದ ಆದಾಯ, ಕೈಗೆ ಬರದಿದ್ದರೂ ಸ್ಲ್ಯಾಬ್ ದರದಲ್ಲಿ ಟ್ಯಾಕ್ಸ್. ಹೊಸ ಯೂನಿಟ್ಟುಗಳು ಆ ದಿನದ ಬೆಲೆಗೆ ಕೊಂಡ ಹೊಸ ಲಾಟು. ಮುಂದೆ ಮಾರುವಾಗ ಅದರ ಕೊಂಡ ಬೆಲೆ ಸೊನ್ನೆ ಅಂತ ಹಾಕಿದರೆ ಅದೇ ದುಡ್ಡಿಗೆ ಎರಡು ಸಲ ಟ್ಯಾಕ್ಸ್ ಕಟ್ಟುತ್ತೀರಿ.

ಡಿವಿಡೆಂಡ್‌ನ ಕೆಳಗೆ TDS ಅಂತ ಸಾಲು ಇದ್ದರೆ ಅದನ್ನೂ ಕೂಡಿಸಿಕೊಳ್ಳಿ. ಒಂದು ಫಂಡ್ ಕಂಪನಿಯಿಂದ ವರ್ಷಕ್ಕೆ 10,000ಕ್ಕಿಂತ ಜಾಸ್ತಿ ಬಂದರೆ 10 ಪರ್ಸೆಂಟ್ ಹಿಡಿಯುತ್ತಾರೆ. 2025ರ ಮಾರ್ಚ್‌ವರೆಗೆ ಈ ಮಿತಿ 5,000 ಇತ್ತು. 12,000 ಡಿವಿಡೆಂಡ್‌ನಲ್ಲಿ 1,200 ಹಿಡಿದು 10,800 ಕೊಟ್ಟಿದ್ದರೆ ಆದಾಯ ಅಂತ ತೋರಿಸಬೇಕಾದ್ದು 12,000. ಹಿಡಿದ 1,200 ಕಟ್ಟಿದ ಟ್ಯಾಕ್ಸ್‌ಗೆ ಜಮೆ.

ಇಷ್ಟೆಲ್ಲ ಕೈಯಲ್ಲೇ ಮಾಡಬೇಕಾ ಅಂದರೆ ಬೇಡ. ಅದೇ ವೆಬ್‌ಸೈಟ್‌ಗಳಲ್ಲಿ Capital Gains Statement ಅಂತ ಬೇರೆ ಸಿಗುತ್ತದೆ, ಲಾಟು ಲಾಟಾಗಿ ಜೋಡಿಸಿಯೇ ಕೊಡುತ್ತಾರೆ. ಒಂದೊಂದು ಫಂಡ್ ಕಂಪನಿಯ ಲೆಕ್ಕ CAMS ಅಥವಾ KFintech, ಎರಡರಲ್ಲಿ ಒಂದರ ಕೈಯಲ್ಲಿರುತ್ತದೆ. ನಿಮ್ಮ ಫಂಡ್‌ಗಳು ಎರಡೂ ಕಡೆ ಹಂಚಿಹೋಗಿದ್ದರೆ ಎರಡೂ ಕಡೆಯಿಂದ ತರಿಸಿ. ತರಿಸಿದ ಮೇಲೆ ನಿಮ್ಮ ಒಂದೇ ಒಂದು ರಿಡೆಂಪ್ಷನ್ ತೆಗೆದುಕೊಂಡು ಮೇಲಿನ ಹಾಗೆ ಪೆನ್ನು, ಪೇಪರ್ ಹಿಡಿದು ಜೋಡಿಸಿ. ಅವರ ಅಂಕಿಗೂ ನಿಮ್ಮದಕ್ಕೂ ಪೈಸೆಗಳ ವ್ಯತ್ಯಾಸ ಇದ್ದರೆ ಬಿಡಿ. ನೂರಾರು ರೂಪಾಯಿ ವ್ಯತ್ಯಾಸ ಬಂದರೆ ಮೊದಲು ಸ್ಟೇಟ್‌ಮೆಂಟ್‌ನ ಓಪನಿಂಗ್ ಬ್ಯಾಲೆನ್ಸ್ ಸೊನ್ನೆ ಇದೆಯಾ ನೋಡಿ.