ಪಿಇ ಟೀಚರ್ ಸಂದರ್ಶನ: ನಲವತ್ತು ಮಕ್ಕಳು, ನಾಲ್ಕೇ ಚೆಂಡು

ಪ್ರಶ್ನೆ: ‘40 ಮಕ್ಕಳು, 4 ವಾಲಿಬಾಲ್, 40 ನಿಮಿಷ. ತರಗತಿ ಹೇಗೆ ನಡೆಸುತ್ತೀರಿ?’ ಎಂದು ಸಂದರ್ಶನದಲ್ಲಿ ಕೇಳಿದರೆ ಏನು ಹೇಳಬೇಕು?

ಉತ್ತರ: ‘ಎರಡು ತಂಡ ಮಾಡಿ ಆಡಿಸುತ್ತೇನೆ’ ಎಂದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ವಾಲಿಬಾಲ್‌ನಲ್ಲಿ ತಂಡಕ್ಕೆ ಆರೇ ಜನ; 12 ಮಂದಿ ಆಡಿದರೆ ಉಳಿದ 28 ಮಕ್ಕಳು ಕೂತು ನೋಡಬೇಕು. ಗಲಾಟೆ ಶುರುವಾಗುವುದೂ ಅಲ್ಲಿಂದಲೇ.

ಹೀಗೆ ಹೇಳಿ: “ಮೊದಲ 5 ನಿಮಿಷ ಹಾಜರಿ, ವಾರ್ಮಪ್. ನಂತರ ಹತ್ತತ್ತು ಮಕ್ಕಳ ನಾಲ್ಕು ಗುಂಪು, ಮೈದಾನದಲ್ಲಿ ನಾಲ್ಕು ಜಾಗ. ಒಂದು ಕಡೆ ಐವರ ಎರಡು ವೃತ್ತ, ಎರಡು ಚೆಂಡು, ಅಂಡರ್‌ಹ್ಯಾಂಡ್ ಪಾಸ್. ಇನ್ನೊಂದು ಕಡೆ ಎರಡು ಸಾಲು, ಉಳಿದೆರಡು ಚೆಂಡಿನಿಂದ ಗೋಡೆಗೆ ಸರ್ವ್. ಮೂರನೆಯದು ಹತ್ತು ಮೀಟರ್ ಶಟಲ್ ಓಟ, ನಾಲ್ಕನೆಯದು ಚೆಂಡಿಲ್ಲದೆ ಬ್ಲಾಕ್ ಜಿಗಿತ. ಆರು ನಿಮಿಷಕ್ಕೊಮ್ಮೆ ಸೀಟಿ, ಜಾಗ ಬದಲಿಸಲು ಒಂದು ನಿಮಿಷ. ಕೊನೆಗೆ 5 ನಿಮಿಷ ಚಿಕ್ಕ ಆಟ, 3 ನಿಮಿಷ ಕೂಲ್‌ಡೌನ್.”

ಲೆಕ್ಕ ಸರಿಯಾಗಿ 40ಕ್ಕೆ ಬರುತ್ತದೆ. ಕೂಡಿ ನೋಡುವವರು ಪ್ಯಾನಲ್‌ನಲ್ಲಿ ಇದ್ದೇ ಇರುತ್ತಾರೆ.

‘ನೀವು ಎಲ್ಲಿ ನಿಲ್ಲುತ್ತೀರಿ?’ ಎಂಬುದು ಮುಂದಿನ ಪ್ರಶ್ನೆಯಾಗಬಹುದು. ನಡುವೆ ನಿಂತರೆ ಅರ್ಧ ಮಕ್ಕಳು ಬೆನ್ನ ಹಿಂದಿರುತ್ತಾರೆ. ಆದ್ದರಿಂದ “ಮೈದಾನದ ಅಂಚಿನಲ್ಲಿ, ಜಿಗಿತದ ಗುಂಪಿನ ಹತ್ತಿರ” ಎನ್ನಿ. ಕಾಲು ಉಳುಕುವ ಸಂಭವ ಅಲ್ಲೇ ಹೆಚ್ಚು.