ಆ 17 ದಿನವನ್ನು ಎರಡು ಸಲ ಎಣಿಸಬೇಡಿ

“ಸರ್, ಕ್ರಿಟಿಕಲ್ ಪಾತ್ ಬಗ್ಗೆ ಲೇಖನ ಕಳಿಸಿದ್ದೇನೆ. ಉದಾಹರಣೆಗೆ ಒಂದು ಸಣ್ಣ ಮನೆ ಕಟ್ಟುವ ಕೆಲಸ ತೆಗೆದುಕೊಂಡಿದ್ದೇನೆ. ಲೆಕ್ಕ ಸರಿಯಿದೆಯೇ, ಫ್ಲೋಟ್ ಬಗ್ಗೆ ಬರೆದದ್ದು ಸಾಕೇ? ಪ್ರಕಟಿಸಬಹುದೇ ತಿಳಿಸಿ.”

ಈಗಿರುವ ಹಾಗೆ ಪ್ರಕಟಿಸಲಾಗದು. ಉದಾಹರಣೆ ಚೆನ್ನಾಗಿದೆ, ಅದನ್ನು ಬಿಡಬೇಡಿ. ಸಮಯದ ಮಹತ್ವ ಹೇಳುವ ಮೊದಲ ಮೂರು ಪ್ಯಾರಾ ಹೊಡೆದುಹಾಕಿ, ನೇರವಾಗಿ ಮನೆಯಿಂದಲೇ ಶುರು ಮಾಡಿ.

ಕ್ರಿಟಿಕಲ್ ಪಾತ್ ಅಂದರೆ “ಅತಿ ಮುಖ್ಯವಾದ ಕೆಲಸಗಳ ಸಾಲು” ಎಂದಿದ್ದೀರಿ. ಇದು ತಪ್ಪು. ಕೆಲಸಗಳನ್ನು ಬಾಣಗಳಿಂದ ಜೋಡಿಸಿದ ನಕ್ಷೆಗೆ ಯಾವ ಕೆಲಸ ಮುಖ್ಯ ಅನ್ನುವುದು ಗೊತ್ತಿಲ್ಲ. ಯಾವುದು ಮುಗಿದ ಮೇಲೆ ಯಾವುದು, ಎಷ್ಟು ದಿನ, ಇಷ್ಟೇ ಗೊತ್ತು. ಮೊದಲಿನಿಂದ ಕೊನೆಯವರೆಗೆ ಹೋಗುವ ದಾರಿಗಳಲ್ಲಿ ಅತಿ ಉದ್ದದ್ದೇ ಕ್ರಿಟಿಕಲ್ ಪಾತ್. ಅದನ್ನು ಹುಡುಕುವುದನ್ನು ನಿಮ್ಮ ಅಂಕಿಗಳಿಂದಲೇ ತೋರಿಸಿ. ಪಾಯ 10 ದಿನ, ಆಮೇಲೆ ಗೋಡೆ 15, ಆಮೇಲೆ ಮರದ ಛಾವಣಿ 12. ಇನ್ನೊಂದು ಕಡೆ, ಮೊದಲ ದಿನದಿಂದಲೇ ಬಾಗಿಲು-ಕಿಟಕಿಗೆ ಮರ ತರಿಸಲು 6, ಅವನ್ನು ಮಾಡಲು 14. ಎರಡೂ ಸಾಲು ಮುಗಿದ ಮೇಲೆ ಬಾಗಿಲು-ಕಿಟಕಿ ಕೂರಿಸಲು 5.

ಮುಂದಕ್ಕೆ ಕೂಡುತ್ತ ಹೋಗಿ. ಛಾವಣಿ 37ನೇ ದಿನ ಮುಗಿಯುತ್ತದೆ, ಬಾಗಿಲುಗಳು 20ನೇ ದಿನಕ್ಕೇ ಸಿದ್ಧ. ಎರಡು ಸಾಲು ಸೇರುವ ಕಡೆ ದೊಡ್ಡ ಅಂಕಿಯನ್ನೇ ಹಿಡಿಯಬೇಕು, ಏಕೆಂದರೆ ಕೂರಿಸುವವರು ಇಬ್ಬರಿಗೂ ಕಾಯಬೇಕು. ಹಾಗಾಗಿ 37ಕ್ಕೆ 5 ಸೇರಿ, ಮನೆ 42 ದಿನ. ಈಗ 42ರಿಂದ ಹಿಂದಕ್ಕೆ ಕಳೆಯುತ್ತ ಬನ್ನಿ. ಛಾವಣಿ ತಡವೆಂದರೂ 37ಕ್ಕೆ ಮುಗಿಯಬೇಕು, ಅದು ಮುಗಿಯುವುದೂ 37ಕ್ಕೇ; ಸಡಿಲಿಕೆ ಸೊನ್ನೆ. ಗೋಡೆಗೂ ಪಾಯಕ್ಕೂ ಹೀಗೆಯೇ. ಬಾಗಿಲುಗಳೂ ತಡವೆಂದರೆ 37ಕ್ಕೆ ಸಿದ್ಧವಾದರೆ ಸಾಕು, ಅಲ್ಲಿ 17 ದಿನ ಉಳಿಯುತ್ತದೆ. ಆ ಉಳಿಕೆಯೇ ಫ್ಲೋಟ್. (ಹಿಂದಕ್ಕೆ ಬರುವಾಗ ಒಂದು ಕೆಲಸದಿಂದ ಎರಡು ಕವಲು ಹೊರಟಿದ್ದರೆ ಚಿಕ್ಕ ಅಂಕಿ ಹಿಡಿಯಬೇಕು. ನಿಮ್ಮ ನಕ್ಷೆಯಲ್ಲಿ ಅಂಥ ಜಾಗ ಇಲ್ಲ, ಆದರೂ ಒಂದು ಸಾಲು ಬರೆಯಿರಿ. ಕಲಿಯುವವರು ಎಡವುವುದು ಅಲ್ಲಿಯೇ.)

ನಿಮ್ಮ ದೊಡ್ಡ ತಪ್ಪು ಇರುವುದು ಒಂದೊಂದು ಕೆಲಸದ ಮುಂದೆ ಅದರ ಫ್ಲೋಟ್ ಬರೆದ ಪಟ್ಟಿಯ ಕೆಳಗೆ. “ಮರ ತರಿಸಲು 17 ದಿನ, ಬಾಗಿಲು ಮಾಡಲು 17 ದಿನ ತಡವಾದರೂ ತೊಂದರೆಯಿಲ್ಲ” ಎಂದಿದ್ದೀರಿ. ಪಟ್ಟಿಯಲ್ಲಿ ಎರಡರ ಮುಂದೆಯೂ 17 ಇರುವುದು ನಿಜ. ಆದರೆ ಅದು ಒಂದೇ 17, ಇಬ್ಬರ ಪಾಲಿನದು. ಮರ 17 ದಿನ ತಡವಾಗಿ 23ಕ್ಕೆ ಬಂದರೆ, ಬಾಗಿಲು ಮಾಡುವವರು 37ಕ್ಕೆ ಸರಿಯಾಗಿ ಮುಗಿಸಬೇಕು. ಅವರ ಕೈಯಲ್ಲಿ ಒಂದು ದಿನವೂ ಉಳಿಯುವುದಿಲ್ಲ. ಅವರೂ ಪಟ್ಟಿ ನಂಬಿ 17 ದಿನ ತೆಗೆದುಕೊಂಡರೆ ಮನೆ 59ಕ್ಕೆ ಹೋಗುತ್ತದೆ. ಪತ್ರಿಕೆಗೆ ಬರುವ ಮೊದಲು ನಾನು ಕಟ್ಟಡದ ಕೆಲಸಗಳಿಗೆ ವೇಳಾಪಟ್ಟಿ ಬರೆಯುತ್ತಿದ್ದೆ. ಪಟ್ಟಿಯ ಒಂದೊಂದು ಸಾಲನ್ನು ಒಬ್ಬೊಬ್ಬರ ಕೈಗೆ ಕೊಟ್ಟಾಗಲೆಲ್ಲ ಇದೇ ಆಗುತ್ತಿತ್ತು. ಮೊದಲಿನವರು ಉಳಿಕೆಯನ್ನೆಲ್ಲ ಬಳಸಿಬಿಡುತ್ತಿದ್ದರು, ಬೈಗುಳ ಮಾತ್ರ ಕೊನೆಯವರಿಗೆ. ಅದಕ್ಕೇ ಫ್ರೀ ಫ್ಲೋಟನ್ನು ಬೇರೆ ಕಾಲಮ್ಮಿನಲ್ಲಿ ಬರೆಯಬೇಕು. ಮುಂದಿನ ಕೆಲಸವನ್ನು ಅಲುಗಿಸದೆ ಎಷ್ಟು ತಡ ಮಾಡಬಹುದು ಅನ್ನುವ ಲೆಕ್ಕ ಅದು. ಮರ ತರಿಸುವವರಿಗೆ ಅದು ಸೊನ್ನೆ, ಬಾಗಿಲು ಮಾಡುವವರಿಗೆ 17.

ಇನ್ನೊಂದು ವಿಷಯ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಛಾವಣಿ ಮಾಡುವವರೂ ಬಾಗಿಲು ಮಾಡುವವರೂ ಅದೇ ಬಡಗಿಗಳಾದರೆ? ಬಾಣದ ಗುರುತುಗಳು ಕೆಲಸದ ಕ್ರಮ ಹೇಳುತ್ತವೆ, ಕೈಗಳ ಲೆಕ್ಕ ಹೇಳುವುದಿಲ್ಲ. 25ನೇ ದಿನ ಗೋಡೆ ಮುಗಿದ ಕೂಡಲೇ ಬಡಗಿಗಳು ಛಾವಣಿಗೆ ಹತ್ತಬೇಕು. ಹಾಗಾದರೆ ಬಾಗಿಲು 25ರೊಳಗೆ ಮುಗಿಯಬೇಕು, ಇರುವ ಸಡಿಲಿಕೆ 5 ದಿನ ಮಾತ್ರ. ಮರ 6 ದಿನ ತಡವಾಗಿ 12ಕ್ಕೆ ಬಂತು ಅನ್ನಿ. 25ರ ಹೊತ್ತಿಗೆ 13 ದಿನದ ಕೆಲಸ ಆಗಿರುತ್ತದೆ, ಒಂದು ದಿನದ್ದು ಬಾಕಿ. ಅದನ್ನು ಮೊದಲು ಮುಗಿಸಿದರೂ, ಛಾವಣಿ ಆದಮೇಲೆ ಮುಗಿಸಿದರೂ ಮನೆ 43ಕ್ಕೆ. ಪಟ್ಟಿಯಲ್ಲಿ ಮಾತ್ರ ಇನ್ನೂ 11 ದಿನ ಉಳಿದ ಹಾಗೆ ಕಾಣುತ್ತಿರುತ್ತದೆ. ಬೇರೆ ಬೇರೆ ಸಾಲಿನ ಎರಡು ಕೆಲಸಗಳ ಮುಂದೆ ಒಬ್ಬರದೇ ಹೆಸರು ಕಂಡರೆ, ಅಲ್ಲಿಯ ಫ್ಲೋಟನ್ನು ನಂಬದೆ ಮತ್ತೊಮ್ಮೆ ಎಣಿಸಬೇಕು.

1957ರಲ್ಲಿ ಡ್ಯೂಪಾಂಟ್ ಕಂಪನಿಯ ಮಾರ್ಗನ್ ವಾಕರ್, ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ಸೇರಿ ಈ ವಿಧಾನ ರೂಪಿಸಿದ್ದನ್ನು ಒಂದೂವರೆ ಪುಟ ಬರೆದಿದ್ದೀರಿ. ಎರಡು ಸಾಲಿಗೆ ಇಳಿಸಿ. ಉಳಿದ ಜಾಗದಲ್ಲಿ ಪಟ್ಟಿಯನ್ನು ಎರಡು ಸಲ ಅಚ್ಚು ಮಾಡೋಣ, ಬಡಗಿಗಳು ಬೇರೆ ಬೇರೆ ಇದ್ದಾಗ ಒಂದು, ಎರಡೂ ಕೆಲಸಕ್ಕೆ ಅವರೇ ಇದ್ದಾಗ ಇನ್ನೊಂದು. ತಿದ್ದಿ ಕಳಿಸಿ, ನಾನೇ ಕೂತು ಓದುತ್ತೇನೆ.