ಹೊಸಬರಿಗೆ ಹೆಚ್ಚು ಸಂಬಳ: ಹೈಕ್ ಬೇರೆ, ಕರೆಕ್ಷನ್ ಬೇರೆ

"ಬೆಂಗಳೂರಿನ ಐಟಿ ಕಂಪನಿಯಲ್ಲಿ ಆರು ವರ್ಷವಾಯ್ತು, ಸಿಟಿಸಿ 14 ಲಕ್ಷ. ಮೊನ್ನೆ ಸೇರಿದವನಿಗೆ ಅಷ್ಟೇ ಅನುಭವ, ಅದೇ ಕೆಲಸ, 19 ಲಕ್ಷ. ಏನು ಮಾಡಲಿ?"

ಮೊದಲು ಸಿಟಿಸಿ ಬಿಟ್ಟು ಫಿಕ್ಸೆಡ್ ಪೇ ಹೋಲಿಸಿ. ಅವರ 19ರಲ್ಲಿ ಒಂದೂವರೆ ಲಕ್ಷ ಜಾಯಿನಿಂಗ್ ಬೋನಸ್, ಇನ್ನೊಂದೂವರೆ ವೇರಿಯಬಲ್ ಇದ್ದರೆ ಫಿಕ್ಸೆಡ್ 16. ನಿಮ್ಮದರಲ್ಲಿ ಒಂದು ಲಕ್ಷ ವೇರಿಯಬಲ್ ಕಳೆದರೆ 13. ಅಲ್ಲಿಗೆ ನಿಜವಾದ ಅಂತರ ಐದಲ್ಲ, ಮೂರು ಲಕ್ಷ.

ಇದು ವಾರ್ಷಿಕ ಹೈಕ್‌ನಲ್ಲಿ ಮುಚ್ಚುವುದಿಲ್ಲ. ಇಬ್ಬರಿಗೂ ಶೇ. 8 ಕೊಟ್ಟರೆ ನೀವು 14.04, ಅವರು 17.28, ಅಂತರ 3.24 ಲಕ್ಷಕ್ಕೆ ಏರುತ್ತದೆ. ಹೊಸಬರ ಸಂಬಳ ಮಾರುಕಟ್ಟೆ ದರದ ಮೇಲೆ, ನಿಮ್ಮದು ಹಳೆಯ ಸಂಬಳದ ಮೇಲಿನ ಶೇಕಡಾವಾರಿನಲ್ಲಿ ನಿಗದಿಯಾಗುವುದರಿಂದಲೇ ಈ ಎಡವಟ್ಟು.

ಹಾಗಾಗಿ ಹೈಕ್ ಜೊತೆ ಬೆರೆಸದೆ, 'ಸ್ಯಾಲರಿ ಕರೆಕ್ಷನ್' ಅಂತಲೇ ಬೇರೆಯಾಗಿ ಕೇಳಿ. ಏಪ್ರಿಲ್ ಅಪ್ರೈಸಲ್ ಇದ್ದರೆ ಡಿಸೆಂಬರ್-ಜನವರಿಯಲ್ಲೇ, ಕಂಪನಿಯ ಸಂಬಳದ ಬಜೆಟ್ ಅಂತಿಮವಾಗುವ ಮುನ್ನ. ಮ್ಯಾನೇಜರ್‌ಗೆ ಮೊದಲ ಪ್ರಶ್ನೆ: "ನನ್ನ ಗ್ರೇಡ್‌ನ ಸಂಬಳದ ಬ್ಯಾಂಡ್‌ನಲ್ಲಿ ನಾನು ಎಲ್ಲಿದ್ದೇನೆ?" ಸಹೋದ್ಯೋಗಿಯ ಹೆಸರು ಮಾತ್ರ ಬೇಡ, ಎತ್ತಿದರೆ ಮಾತು ಸಂಬಳ ಬಿಟ್ಟು "ಯಾರು ಹೇಳಿದ್ದು" ಅನ್ನುವಲ್ಲಿಗೆ ಹೋಗುತ್ತದೆ. ಅದೇ ಹುದ್ದೆಗೆ ಹೊರಗೆ ಸಿಗುತ್ತಿರುವ ದರ, ನೀವೊಬ್ಬರೇ ನೋಡಿಕೊಳ್ಳುತ್ತಿರುವ ಮಾಡ್ಯೂಲ್‌ಗಳನ್ನು ಒಂದು ಪುಟದಲ್ಲಿ ಬರೆದು ಕೊಡಿ.

ಪೂರ್ತಿ 3 ಲಕ್ಷ ಅಂದರೆ ಶೇ. 23; ಒಂದೇ ಸಲ ಕೊಡುವುದು ಅಪರೂಪ. ಅರ್ಧ ಈಗ, ಅರ್ಧ ಆರು ತಿಂಗಳಿಗೆ ಅಂದರೆ ಒಪ್ಪಬಹುದು, ಆದರೆ ಎರಡೂ ತಾರೀಖು ಎಚ್‌ಆರ್ ಪತ್ರದಲ್ಲಿರಬೇಕು. ಬಾಯಿಮಾತಿನ ಭರವಸೆ ಮ್ಯಾನೇಜರ್ ಬದಲಾದ ದಿನವೇ ಮುಗಿಯಿತು. ಒನ್ ಟೈಮ್ ಬೋನಸ್ ಕೊಟ್ಟು ಸುಮ್ಮನಾಗಿಸಲು ನೋಡಿದರೆ, ಬೇಸಿಕ್ ಏರದ ಕಾರಣ ಪಿಎಫ್, ಗ್ರಾಚ್ಯುಟಿ ಎರಡೂ ಇದ್ದಲ್ಲೇ ಇರುತ್ತವೆ. ಬೇರೆ ಕಂಪನಿಯ ಆಫರ್ ತೋರಿಸುವುದಾದರೆ, ನಿಜಕ್ಕೂ ಹೋಗಲು ತಯಾರಿದ್ದಾಗ ಮಾತ್ರ ತೋರಿಸಿ.